ನಿಮ್ಮ ದೇಹ ದಿನಕ್ಕೆ ಎಷ್ಟು ಕ್ರಿಯೇಟಿನ್ ತಯಾರಿಸುತ್ತಿದೆ? ಲೆಕ್ಕ ಹಾಕುವ ಕ್ರಮ

"ಮಾಂಸ ತಿನ್ನದವರಿಗೆ ಕ್ರಿಯೇಟಿನ್ ಎಲ್ಲಿಂದ ಬರುತ್ತದೆ?", "ಹಾಲು ಕುಡಿದರೆ ಸಾಕೇ?", "ಪ್ರೋಟೀನ್ ಚೆನ್ನಾಗಿ ತಿಂದರೆ ಕ್ರಿಯೇಟಿನ್ ತಾನಾಗಿ ಹೆಚ್ಚುತ್ತದಲ್ಲವೇ?" ಓದುಗರು ಈ ಮೂರು ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುತ್ತಾರೆ. ಮೂರಕ್ಕೂ ಒಂದೇ ಲೆಕ್ಕದಲ್ಲಿ ಉತ್ತರವಿದೆ. ದಿನಕ್ಕೆ ಎಷ್ಟು ಸೋರಿಹೋಗುತ್ತದೆ, ಊಟದಿಂದ ಎಷ್ಟು ಬರುತ್ತದೆ ಎಂಬ ಎರಡು ಅಂಕಿ ಸಿಕ್ಕರೆ ಸಾಕು. ಅವುಗಳ ನಡುವಿನ ಅಂತರವೇ ನಿಮ್ಮ ದೇಹ ತಯಾರಿಸುವ ಪ್ರಮಾಣ.

"ಅರ್ಧ ಊಟದಿಂದ, ಅರ್ಧ ದೇಹದಿಂದ" ಎಂಬ ಮಾತು ಎಲ್ಲೆಡೆ ಓಡಾಡುತ್ತದೆ. ಮಾಂಸ, ಮೀನು ಚೆನ್ನಾಗಿ ತಿನ್ನುವವರ ಮಟ್ಟಿಗೆ ಅದು ಸುಮಾರಾಗಿ ನಿಜ. ಉಳಿದವರಿಗೆ ಅದು ದಾರಿ ತಪ್ಪಿಸುತ್ತದೆ. ದೇಹದ ಪಾಲು ಅರ್ಧಕ್ಕೇ ನಿಂತಿರುವುದಿಲ್ಲ, ಊಟದಲ್ಲಿ ಕಡಿಮೆಯಾದದ್ದನ್ನು ತುಂಬುವಷ್ಟು ಏರುತ್ತದೆ, ಹೆಚ್ಚಾದರೆ ಇಳಿಯುತ್ತದೆ.

ಬೇಕಾಗುವುದು ಇಷ್ಟೇ: ನಿಮ್ಮ ದೇಹದ ತೂಕ, ಅಡುಗೆಮನೆಯ ತಕ್ಕಡಿ, ಒಂದು ವಾರದ ಊಟದ ಪಟ್ಟಿ. 24 ಗಂಟೆಯ ಮೂತ್ರದ ಕ್ರಿಯೇಟಿನೈನ್ ವರದಿ ಇದ್ದರೆ ಲೆಕ್ಕ ಇನ್ನಷ್ಟು ನಿಖರವಾಗುತ್ತದೆ.

ಮೊದಲೇ ಒಂದು ಎಚ್ಚರಿಕೆ. ಕ್ರಿಯೇಟಿನ್ ಬೇರೆ, ಕ್ರಿಯೇಟಿನೈನ್ ಬೇರೆ. ಸ್ನಾಯುವಿಗೆ ಕ್ಷಣಾರ್ಧದಲ್ಲಿ ಶಕ್ತಿ ಒದಗಿಸಲು ನೆರವಾಗುವ ವಸ್ತು ಕ್ರಿಯೇಟಿನ್. ಅದು ಸವೆದು ಉಳಿಯುವ ಕಸ ಕ್ರಿಯೇಟಿನೈನ್. ಮೂತ್ರಪಿಂಡದ ಆರೋಗ್ಯ ನೋಡಲು ಲ್ಯಾಬಿನಲ್ಲಿ ಅಳೆಯುವುದು ಎರಡನೆಯದನ್ನು. ಹೆಸರಿನ ಹೋಲಿಕೆಯಿಂದ ವರದಿಯನ್ನು ತಪ್ಪಾಗಿ ಓದಿಕೊಳ್ಳುವವರು ಬಹಳ ಮಂದಿ.

ಹಂತ 1: ದಿನದ ಸೋರಿಕೆಯನ್ನು ಕಂಡುಹಿಡಿಯಿರಿ

70 ಕಿಲೋ ತೂಕದ ವಯಸ್ಕ ಗಂಡಸಿನ ದೇಹದಲ್ಲಿ ಒಟ್ಟು ಸುಮಾರು 120 ಗ್ರಾಂ ಕ್ರಿಯೇಟಿನ್ ಇರುತ್ತದೆ. ಅದರಲ್ಲಿ ನೂರಕ್ಕೆ 95ರಷ್ಟು ಸ್ನಾಯುಗಳಲ್ಲೇ ಇದೆ. ಉಳಿದದ್ದು ಮಿದುಳು, ಹೃದಯ ಮೊದಲಾದ ಕಡೆ ಹಂಚಿಹೋಗಿದೆ. ಈ ದಾಸ್ತಾನಿನಿಂದ ಪ್ರತಿದಿನ ಸುಮಾರು ಶೇ. 1.7ರಷ್ಟು ತಾನಾಗಿಯೇ ಕ್ರಿಯೇಟಿನೈನ್ ಆಗಿ ಬದಲಾಗುತ್ತದೆ. ಇದಕ್ಕೆ ಯಾವ ಕಿಣ್ವವೂ ಬೇಕಿಲ್ಲ. ಕ್ರಿಯೇಟಿನ್ ಅಣುವಿನಿಂದ ಒಂದು ನೀರಿನ ಅಣು ಕಳಚಿ, ಉಳಿದ ಭಾಗ ಉಂಗುರದಂತೆ ಮಡಚಿಕೊಳ್ಳುತ್ತದೆ. ಹಾಗೆ ಮಡಚಿಕೊಂಡದ್ದನ್ನು ದೇಹ ಮತ್ತೆ ಬಿಡಿಸಿ ಬಳಸುವುದಿಲ್ಲ. ಅದು ರಕ್ತಕ್ಕೆ ಸೇರಿ ಮೂತ್ರದಲ್ಲಿ ಹೊರಹೋಗುತ್ತದೆ.

120 ಗ್ರಾಂನ ಶೇ. 1.7 ಎಂದರೆ ಸುಮಾರು 2 ಗ್ರಾಂ. ದಿನವೂ ತುಂಬಬೇಕಾದ ತೂತು ಇಷ್ಟು ದೊಡ್ಡದು.

ತೂಕದಿಂದ ಅಂದಾಜು ಮಾಡುವಾಗ ಜನ ಎಡವುವುದು ಒಂದೇ ಕಡೆ. ಕ್ರಿಯೇಟಿನ್ ಇರುವುದು ಸ್ನಾಯುವಿನಲ್ಲಿ, ಕೊಬ್ಬಿನಲ್ಲಲ್ಲ. 70 ಕಿಲೋ ತೂಗುವ ಇಬ್ಬರಲ್ಲಿ ಒಬ್ಬರಿಗೆ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು ಇದ್ದರೆ ಅವರ ದಾಸ್ತಾನೂ ಕಡಿಮೆ, ಸೋರಿಕೆಯೂ ಕಡಿಮೆ. ಹೆಂಗಸರಲ್ಲಿ ಮತ್ತು ವಯಸ್ಸಾದವರಲ್ಲಿ ಈ ಅಂಕಿ ಸಾಮಾನ್ಯವಾಗಿ 2 ಗ್ರಾಂಗಿಂತ ಕೆಳಗೇ ಇರುತ್ತದೆ.

ಈ ಅನುಮಾನ ಬೇಡವೆನ್ನುವವರಿಗೆ ಇರುವ ದಾರಿ ಮೂತ್ರದ್ದು. 24 ಗಂಟೆಯ ಮೂತ್ರದಲ್ಲಿ ಸಿಕ್ಕ ಕ್ರಿಯೇಟಿನೈನ್ ಅನ್ನು 1.16ರಿಂದ ಗುಣಿಸಿ, ಆ ದಿನ ಸವೆದ ಕ್ರಿಯೇಟಿನ್ ಎಷ್ಟೆಂದು ಗೊತ್ತಾಗುತ್ತದೆ. ಕಳೆದುಹೋದ ನೀರಿನ ತೂಕವನ್ನು ಮರಳಿ ಸೇರಿಸುವ ಗುಣಕ ಅದು. ವರದಿಯಲ್ಲಿ 1.75 ಗ್ರಾಂ ಇದ್ದರೆ ಸೋರಿಕೆ 2.03 ಗ್ರಾಂ.

ಮೂತ್ರ ಸಂಗ್ರಹದಲ್ಲಿ ಆಗುವ ತಪ್ಪು ಸಾಮಾನ್ಯವಾಗಿ ಶುರುವಿನಲ್ಲೇ ಆಗುತ್ತದೆ. ಮೊದಲ ದಿನ ಬೆಳಿಗ್ಗೆ ಎದ್ದಾಗಿನ ಮೂತ್ರವನ್ನು ಸಂಗ್ರಹಿಸಬಾರದು, ಚೆಲ್ಲಿ ಸಮಯ ಬರೆದಿಟ್ಟುಕೊಳ್ಳಬೇಕು. ಅಲ್ಲಿಂದ ಮುಂದೆ ಪ್ರತಿಯೊಂದನ್ನೂ ಡಬ್ಬಿಗೆ ಹಾಕಿ, ಮರುದಿನ ಅದೇ ಹೊತ್ತಿನ ಮೂತ್ರವನ್ನೂ ಸೇರಿಸಿ ಮುಗಿಸಬೇಕು. ನಡುವೆ ಒಂದು ಸಲ ಮರೆತರೂ ಅಂಕಿ ಕೆಳಗೆ ಬೀಳುತ್ತದೆ. ಹಿಂದಿನ ದಿನವೂ ಆ ದಿನವೂ ಬೇಯಿಸಿದ ಮಾಂಸ ತಿಂದಿದ್ದರೆ ಅಂಕಿ ಮೇಲೇರುತ್ತದೆ, ಏಕೆಂದರೆ ಬೆಂದ ಮಾಂಸದಲ್ಲಿ ಸಿದ್ಧ ಕ್ರಿಯೇಟಿನೈನ್ ಇರುತ್ತದೆ. ಅದು ನಿಮ್ಮ ಸ್ನಾಯುವಿನಿಂದ ಬಂದದ್ದಲ್ಲ.

ಹಂತ 2: ಊಟದಿಂದ ಬರುವುದನ್ನು ಕೂಡಿಸಿ

ಕ್ರಿಯೇಟಿನ್ ಅನ್ನು ಮೊದಲು ಬೇರ್ಪಡಿಸಿದವನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಷೆವ್ರೆಲ್, 1832ರಲ್ಲಿ, ಮಾಂಸದ ರಸದಿಂದ. ಗ್ರೀಕ್ ಭಾಷೆಯ 'ಮಾಂಸ' ಎಂಬ ಪದದಿಂದಲೇ ಅದಕ್ಕೆ ಹೆಸರು ಬಂತು. ಆ ಹೆಸರಿನಲ್ಲೇ ಈ ಹಂತದ ಸಾರ ಅಡಗಿದೆ: ಎಲ್ಲಿ ಸ್ನಾಯು ಇದೆಯೋ ಅಲ್ಲಿ ಕ್ರಿಯೇಟಿನ್ ಇದೆ.

ಒಂದು ಕಿಲೋ ಹಸಿ ಪದಾರ್ಥದಲ್ಲಿ ಸುಮಾರು ಇಷ್ಟು ಸಿಗುತ್ತದೆ:

- ಹೆರಿಂಗ್ ಮೀನು: 6.5ರಿಂದ 10 ಗ್ರಾಂ
- ಹಂದಿ ಮಾಂಸ: 5 ಗ್ರಾಂ
- ದನದ ಮಾಂಸ, ಸಾಲ್ಮನ್ ಮೀನು: 4.5 ಗ್ರಾಂ
- ಟ್ಯೂನಾ ಮೀನು: 4 ಗ್ರಾಂ
- ಕಾಡ್ ಮೀನು: 3 ಗ್ರಾಂ
- ಹಾಲು: 0.1 ಗ್ರಾಂ

ಕೋಳಿ ಮಾಂಸವನ್ನು ಟ್ಯೂನಾದ ಆಸುಪಾಸಿನಲ್ಲಿ ಹಿಡಿದರೆ ದೊಡ್ಡ ತಪ್ಪಾಗದು.

ಪಟ್ಟಿಯ ಕೊನೆಯ ಸಾಲನ್ನು ಇನ್ನೊಮ್ಮೆ ನೋಡಿ. ಒಂದು ಗ್ರಾಂ ಕ್ರಿಯೇಟಿನ್ ಬೇಕಾದರೆ ಸುಮಾರು ಹತ್ತು ಲೀಟರ್ ಹಾಲು ಕುಡಿಯಬೇಕು. "ನಾನು ಸಸ್ಯಾಹಾರಿ, ಆದರೆ ಹಾಲು ಮೊಸರು ಧಾರಾಳವಾಗಿ ತಿನ್ನುತ್ತೇನೆ" ಎನ್ನುವವರು ಲೆಕ್ಕದ ಪುಸ್ತಕದಲ್ಲಿ ಹೆಚ್ಚೆಂದರೆ 0.05 ಅಥವಾ 0.1 ಗ್ರಾಂ ಬರೆದುಕೊಳ್ಳಬಹುದು. ಧಾನ್ಯ, ಬೇಳೆಕಾಳು, ತರಕಾರಿ, ಹಣ್ಣುಗಳ ಸಾಲಿನಲ್ಲಿ ಸೊನ್ನೆ ಬರೆಯಿರಿ. ಮೊಟ್ಟೆಯಲ್ಲಿ ಸ್ನಾಯು ಇಲ್ಲ, ಆದ್ದರಿಂದ ಅಲ್ಲೂ ಹೆಚ್ಚುಕಡಿಮೆ ಸೊನ್ನೆಯೇ.

ಪ್ರೋಟೀನ್ ಎಷ್ಟಿದೆ ಎಂಬುದರಿಂದ ಕ್ರಿಯೇಟಿನ್ ಎಷ್ಟಿದೆ ಎಂದು ಊಹಿಸುವುದು ಇಲ್ಲಿನ ದೊಡ್ಡ ಗುಂಡಿ. ಕ್ರಿಯೇಟಿನ್ ಪ್ರೋಟೀನಿನ ಭಾಗವೇ ಅಲ್ಲ. ಅದು ಸ್ನಾಯುಕೋಶದ ನೀರಿನಲ್ಲಿ ಕರಗಿ ನಿಂತಿರುವ ಬಿಡಿ ಅಣು. ಆದ್ದರಿಂದಲೇ ಮೊಟ್ಟೆಯಂಥ ಒಳ್ಳೆಯ ಪ್ರೋಟೀನಿನಲ್ಲಿ ಅದು ಇಲ್ಲ. ಮೂಳೆ, ಚರ್ಮಗಳಿಂದ ತೆಗೆದ ಜೆಲಟಿನ್‌ನಲ್ಲೂ ಇಲ್ಲ. ಯಕೃತ್ತಿನದಂತೂ ತಮಾಷೆಯ ಸಂಗತಿ: ದೇಹದ ಕ್ರಿಯೇಟಿನ್ ಕಾರ್ಖಾನೆ ಇರುವುದೇ ಅಲ್ಲಿ, ಆದರೆ ಯಕೃತ್ತು ತಯಾರಾದದ್ದನ್ನು ಕೂಡಿಟ್ಟುಕೊಳ್ಳದೆ ರಕ್ತಕ್ಕೆ ಬಿಟ್ಟುಬಿಡುತ್ತದೆ. ಹಾಗಾಗಿ ಯಕೃತ್ತಿನ ಮಾಂಸದಲ್ಲಿ ಸಿಗುವುದು ಅತ್ಯಲ್ಪ.

ಇನ್ನು ಅಡುಗೆಯ ವಿಷಯ. ಮೇಲಿನ ಅಂಕಿಗಳೆಲ್ಲ ಹಸಿ ತೂಕದವು. ಬೇಯುವಾಗ ಮಾಂಸ ನೀರು ಬಿಟ್ಟು ಹಗುರಾಗುತ್ತದೆ. ತಟ್ಟೆಯಲ್ಲಿರುವ 150 ಗ್ರಾಂ ತುಂಡು ಹಸಿಯಾಗಿದ್ದಾಗ 200 ಗ್ರಾಂನಷ್ಟು ಇದ್ದಿರಬಹುದು. ಆದ್ದರಿಂದ ಬೇಯಿಸುವ ಮೊದಲೇ ತೂಗಿ.

ಬೇಯುವಾಗ ಕ್ರಿಯೇಟಿನ್ ಎರಡು ದಾರಿಯಲ್ಲಿ ಕಡಿಮೆಯಾಗುತ್ತದೆ. ಸ್ವಲ್ಪ ಭಾಗ ರಸದ ಜೊತೆ ಹೊರಗೆ ಹರಿಯುತ್ತದೆ. ಇದು ನಿಜವಾದ ನಷ್ಟವಲ್ಲ, ಸಾರನ್ನೂ ಕುಡಿದರೆ ವಾಪಸ್ ಸಿಗುತ್ತದೆ, ಚೆಲ್ಲಿದರೆ ಹೋಯಿತು. ಇನ್ನೊಂದು ಭಾಗ ಬಿಸಿಗೆ ಕ್ರಿಯೇಟಿನೈನ್ ಆಗಿ ಮಡಚಿಕೊಳ್ಳುತ್ತದೆ. ಸ್ನಾಯುವಿನಲ್ಲಿ ದಿನಗಟ್ಟಲೆ ನಿಧಾನವಾಗಿ ನಡೆಯುವ ಕ್ರಿಯೆಯೇ ಬಾಣಲೆಯಲ್ಲಿ ಬೇಗ ನಡೆಯುತ್ತದೆ, ಅಷ್ಟೇ. ಉರಿ ಹೆಚ್ಚಿದಷ್ಟೂ, ಹೊತ್ತು ಹೆಚ್ಚಿದಷ್ಟೂ ಈ ನಷ್ಟ ಹೆಚ್ಚು. ಮನೆಯ ಲೆಕ್ಕಕ್ಕೆ ಕಾಲು ಭಾಗ ಕಳೆದರೆ ಸಾಕು. ಹದವಾಗಿ ಬೇಯಿಸಿ ರಸವನ್ನೂ ಬಳಸುವವರು ಇನ್ನೂ ಕಡಿಮೆ ಕಳೆಯಬಹುದು, ಕಂದುಬಣ್ಣ ಬರುವವರೆಗೆ ಸುಡುವವರು ಹೆಚ್ಚು ಕಳೆಯಬೇಕು.

ಹಂತ 3: ಅಂತರ ತೆಗೆಯಿರಿ

70 ಕಿಲೋ ತೂಕದ ಒಬ್ಬ ವ್ಯಕ್ತಿಯನ್ನು ತೆಗೆದುಕೊಳ್ಳೋಣ. ಆತ ದಿನಕ್ಕೆ 150 ಗ್ರಾಂ ಸಾಲ್ಮನ್ (ಹಸಿ ತೂಕ) ಮತ್ತು ಅರ್ಧ ಲೀಟರ್ ಹಾಲು ತೆಗೆದುಕೊಳ್ಳುತ್ತಾನೆ.

ಮೀನಿನಲ್ಲಿ 0.15 × 4.5, ಅಂದರೆ 0.68 ಗ್ರಾಂ. ಅಡುಗೆಗೆ ಕಾಲು ಭಾಗ ಕಳೆದರೆ ಸುಮಾರು 0.5 ಗ್ರಾಂ ಉಳಿಯಿತು. ಹಾಲಿನಿಂದ 0.05. ಒಟ್ಟು 0.55 ಗ್ರಾಂ. ಸೋರಿಕೆ 2.04 ಗ್ರಾಂ. ಊಟದ ಕ್ರಿಯೇಟಿನ್ ಬಹುಪಾಲು ರಕ್ತಕ್ಕೆ ಸೇರುವುದರಿಂದ ನೇರವಾಗಿ ಕಳೆಯಬಹುದು. ಉಳಿದದ್ದು ಸುಮಾರು 1.5 ಗ್ರಾಂ. ದಿನವೂ ಮೀನು ತಿನ್ನುವ ಮನುಷ್ಯನಲ್ಲೂ ಮುಕ್ಕಾಲು ಪಾಲು ಕೆಲಸವನ್ನು ದೇಹವೇ ಮಾಡುತ್ತಿದೆ.

ಒಂದೇ ದಿನದ ಊಟ ನೋಡಿ ತೀರ್ಮಾನಕ್ಕೆ ಬರಬೇಡಿ. ದಾಸ್ತಾನು ದೊಡ್ಡದು, ಸೋರಿಕೆ ಚಿಕ್ಕದು. ಒಂದು ದಿನ ಸೊನ್ನೆ ತಿಂದರೆ ಏನೂ ಆಗುವುದಿಲ್ಲ. ವಾರದ ಊಟವನ್ನೆಲ್ಲ ಕೂಡಿಸಿ ಏಳರಿಂದ ಭಾಗಿಸಿದ ಅಂಕಿಗೇ ಅರ್ಥವಿದೆ.

ಹಂತ 4: ಆ ಒಂದೂವರೆ ಗ್ರಾಂ ಹೇಗೆ ತಯಾರಾಗುತ್ತದೆ ನೋಡಿ

ಕ್ರಿಯೇಟಿನ್ ತಯಾರಿಗೆ ಮೂರು ಅಮೈನೋ ಆಮ್ಲಗಳು ಬೇಕು: ಗ್ಲೈಸಿನ್, ಆರ್ಜಿನಿನ್, ಮಿಥಿಯೋನಿನ್. ಅಮೈನೋ ಆಮ್ಲ ಎಂದರೆ ಪ್ರೋಟೀನಿನ ಮಣಿಗಳು, ಮಾಂಸದ ಪ್ರೋಟೀನಾದರೂ ಸರಿ, ಬೇಳೆಕಾಳಿನದಾದರೂ ಸರಿ. ಕೆಲಸ ಎರಡು ಅಂಗಗಳಲ್ಲಿ ನಡೆಯುತ್ತದೆ.

ಮೊದಲ ಮಜಲು ಮುಖ್ಯವಾಗಿ ಮೂತ್ರಪಿಂಡದಲ್ಲಿ. ಆರ್ಜಿನಿನ್ ಅಣುವಿನ ಬಾಲದ ಒಂದು ತುಂಡನ್ನು ಕತ್ತರಿಸಿ ಗ್ಲೈಸಿನ್‌ಗೆ ಅಂಟಿಸಲಾಗುತ್ತದೆ. ಈ ಕೆಲಸ ಮಾಡುವ ಕಿಣ್ವದ ಹೆಸರು ಎಜಿಎಟಿ. ಹೀಗೆ ಹುಟ್ಟುವ ಅರೆಸಿದ್ಧ ಪದಾರ್ಥ ಗ್ವಾನಿಡಿನೋಅಸಿಟೇಟ್. ಬಾಲ ಕಳೆದುಕೊಂಡ ಆರ್ಜಿನಿನ್ ಆರ್ನಿಥಿನ್ ಆಗಿ ಉಳಿಯುತ್ತದೆ. ಅದು ವ್ಯರ್ಥವಲ್ಲ, ಬೇರೆ ಕೆಲಸಕ್ಕೆ ಬರುತ್ತದೆ.

ಎರಡನೆಯ ಮಜಲು ಯಕೃತ್ತಿನಲ್ಲಿ. ಗ್ವಾನಿಡಿನೋಅಸಿಟೇಟ್ ರಕ್ತದ ಮೂಲಕ ಅಲ್ಲಿಗೆ ಬರುತ್ತದೆ. ಜಿಎಎಂಟಿ ಎಂಬ ಕಿಣ್ವ ಅದಕ್ಕೆ ಒಂದು ಮಿಥೈಲ್ ಗುಂಪನ್ನು (ಒಂದು ಇಂಗಾಲ, ಮೂರು ಹೈಡ್ರೋಜನ್ ಪರಮಾಣುಗಳ ಪುಟ್ಟ ಗೊಂಚಲು) ಸೇರಿಸುತ್ತದೆ. ಅಲ್ಲಿಗೆ ಕ್ರಿಯೇಟಿನ್ ಸಿದ್ಧ. ಈ ಮಿಥೈಲ್ ಗುಂಪನ್ನು ಕೊಡುವುದು ಮಿಥಿಯೋನಿನ್. ಕೊಟ್ಟಾದ ಮೇಲೆ ಅದು ಹೋಮೋಸಿಸ್ಟೀನ್ ಆಗಿ ಉಳಿಯುತ್ತದೆ. ಸಿದ್ಧವಾದ ಕ್ರಿಯೇಟಿನ್ ರಕ್ತದಲ್ಲಿ ಹರಿದು ಸ್ನಾಯುವನ್ನು ತಲುಪುತ್ತದೆ. ಸ್ನಾಯುಕೋಶದ ಗೋಡೆಯಲ್ಲಿರುವ ಸಾಗಣೆ ಪ್ರೋಟೀನ್ ಸೋಡಿಯಂನ ನೆರವಿನಿಂದ ಅದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ.

ಅಣುತೂಕಗಳ ಪ್ರಕಾರ ಒಂದು ಗ್ರಾಂ ಕ್ರಿಯೇಟಿನ್‌ಗೆ 0.57 ಗ್ರಾಂ ಗ್ಲೈಸಿನ್, 1.33 ಗ್ರಾಂ ಆರ್ಜಿನಿನ್, 1.14 ಗ್ರಾಂ ಮಿಥಿಯೋನಿನ್ ಕೈಹಚ್ಚಬೇಕು. ನಮ್ಮ ಮೀನು ತಿನ್ನುವ ವ್ಯಕ್ತಿಯ 1.5 ಗ್ರಾಂಗೆ ಲೆಕ್ಕ ಹಾಕಿ: ಗ್ಲೈಸಿನ್ 0.86, ಆರ್ಜಿನಿನ್ 2, ಮಿಥಿಯೋನಿನ್ 1.7 ಗ್ರಾಂ.

ಕೊನೆಯ ಅಂಕಿ ಸ್ವಾರಸ್ಯದ್ದು. ಮಿಥಿಯೋನಿನ್ ಮತ್ತು ಅದರ ಸೋದರ ಸಿಸ್ಟೀನ್ ಎರಡೂ ಸೇರಿ ವಯಸ್ಕರಿಗೆ ದಿನಕ್ಕೆ ಬೇಕಾದದ್ದು ಕಿಲೋ ತೂಕಕ್ಕೆ 15 ಮಿಲಿಗ್ರಾಂ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 70 ಕಿಲೋಗೆ ಅದು ಒಂದು ಗ್ರಾಂಗಿಂತ ಕೊಂಚ ಹೆಚ್ಚು. ಕ್ರಿಯೇಟಿನ್ ಒಂದಕ್ಕೇ 1.7 ಗ್ರಾಂ ಬೇಕಾದರೆ ಲೆಕ್ಕ ಹೊಂದುವುದು ಹೇಗೆ? ಮರುಬಳಕೆಯಿಂದ. ಮಿಥೈಲ್ ಕೊಟ್ಟು ಬರಿಗೈಯಾದ ಹೋಮೋಸಿಸ್ಟೀನ್‌ಗೆ ಹೊಸ ಮಿಥೈಲ್ ತೊಡಿಸಿ ಮತ್ತೆ ಮಿಥಿಯೋನಿನ್ ಮಾಡಲಾಗುತ್ತದೆ. ಅದೇ ಮಿಥಿಯೋನಿನ್ ಮತ್ತೆ ಮತ್ತೆ ಸರದಿಗೆ ಬರುತ್ತದೆ. ಈ ಮರುಪೂರಣದ ಮುಖ್ಯ ದಾರಿಗೆ ಫೋಲೇಟ್ ಮತ್ತು ವಿಟಮಿನ್ ಬಿ12 ಬೇಕೇ ಬೇಕು. ಇನ್ನೊಂದು ದಾರಿ ಬೀಟೇನ್ ಎಂಬ ವಸ್ತುವಿನದು.

ದೇಹದ ಮಿಥೈಲ್ ಬಳಕೆಯಲ್ಲಿ ಕ್ರಿಯೇಟಿನ್ ತಯಾರಿಯದು ಬಹಳ ದೊಡ್ಡ ಪಾಲು, ಸುಮಾರು ಶೇ. 40 ಎಂಬ ಅಂದಾಜಿದೆ. ಹಾಗಾಗಿ ಈ ತಯಾರಿಯ ನಿಜವಾದ ಖರ್ಚು ಪ್ರೋಟೀನಿನಲ್ಲಲ್ಲ, ಮಿಥೈಲ್‌ನಲ್ಲಿ.

ಹಂತ 5: ಮಾಂಸವನ್ನು ಪೂರ್ತಿ ಬಿಟ್ಟರೆ ಏನಾಗುತ್ತದೆ ಎಂದು ಲೆಕ್ಕ ಬದಲಿಸಿ

ಅದೇ ವ್ಯಕ್ತಿ ಮೀನು ಬಿಟ್ಟು ಬರೀ ಸಸ್ಯಾಹಾರಕ್ಕೆ ಬಂದ ಎನ್ನಿ. ಊಟದ ಸಾಲು ಸೊನ್ನೆ. ದೇಹ 2 ಗ್ರಾಂ ಪೂರ್ತಿ ತಯಾರಿಸುತ್ತದೆಯೇ? ಸಾಮಾನ್ಯವಾಗಿ ಇಲ್ಲ. ತಯಾರಿ ಹೆಚ್ಚುತ್ತದೆ, ಜೊತೆಗೆ ದಾಸ್ತಾನು ನಿಧಾನವಾಗಿ ಇಳಿಯುತ್ತದೆ. ದಾಸ್ತಾನು ಇಳಿದಂತೆ ಸೋರಿಕೆಯೂ ಇಳಿಯುತ್ತದೆ. ಒಂದು ಕಡೆ ಎರಡೂ ಸಮನಾಗಿ ನಿಲ್ಲುತ್ತವೆ. ತೊಟ್ಟಿಯ ತಳದಲ್ಲಿ ತೂತಿದ್ದರೆ ನೀರಿನ ಮಟ್ಟ ಕೆಳಗಿಳಿದಂತೆ ಸೋರುವ ರಭಸವೂ ಕಡಿಮೆಯಾಗುವ ಹಾಗೆ.

ಸಸ್ಯಾಹಾರಿಗಳ ಸ್ನಾಯುವಿನಲ್ಲಿ ಕ್ರಿಯೇಟಿನ್ ಸ್ವಲ್ಪ ಕಡಿಮೆ ಇರುವುದು ಅಳತೆಯಲ್ಲಿ ಕಂಡಿದೆ. ದಾಸ್ತಾನು 100 ಗ್ರಾಂಗೆ ನಿಂತಿತು ಎಂದಿಟ್ಟುಕೊಂಡರೆ ದಿನದ ಸೋರಿಕೆ 1.7 ಗ್ರಾಂ, ಅದೆಲ್ಲವೂ ಸ್ವಂತ ತಯಾರಿ. ಅದಕ್ಕೆ ಸುಮಾರು 1 ಗ್ರಾಂ ಗ್ಲೈಸಿನ್, 2.3 ಗ್ರಾಂ ಆರ್ಜಿನಿನ್, 1.9 ಗ್ರಾಂ ಮಿಥಿಯೋನಿನ್ ಕೈಬದಲಾಗುತ್ತದೆ. ಮೀನು ತಿನ್ನುತ್ತಿದ್ದಾಗಿನ 1.5ಕ್ಕೂ ಈಗಿನ 1.7ಕ್ಕೂ ಇರುವ ವ್ಯತ್ಯಾಸ ಜನ ಅಂದುಕೊಂಡಷ್ಟು ದೊಡ್ಡದಲ್ಲ.

ಇದು ಕಾಯಿಲೆಯಲ್ಲ, ಕೊರತೆಯೂ ಅಲ್ಲ. ಮಿದುಳಂತೂ ತನಗೆ ಬೇಕಾದದ್ದನ್ನು ಬಹುಮಟ್ಟಿಗೆ ತಾನೇ ತಯಾರಿಸಿಕೊಳ್ಳುತ್ತದೆ. ಸಸ್ಯಾಹಾರಿಗಳ ಮತ್ತು ಮಾಂಸಾಹಾರಿಗಳ ಮಿದುಳಿನಲ್ಲಿ ಅಳೆದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲ. ನೋಡಿಕೊಳ್ಳಬೇಕಾದದ್ದು ಬಿ12. ಪ್ರಾಣಿಮೂಲದ ಆಹಾರವನ್ನೆಲ್ಲ ಬಿಟ್ಟವರಿಗೆ ಅದು ಊಟದಿಂದ ಸಿಗುವುದಿಲ್ಲ, ಅದೇ ಹೊತ್ತಿಗೆ ಮಿಥೈಲ್ ಮರುಪೂರಣದ ಕೆಲಸ ಅವರಲ್ಲಿ ಹೆಚ್ಚಿರುತ್ತದೆ. ರಕ್ತದಲ್ಲಿ ಹೋಮೋಸಿಸ್ಟೀನ್ ಏರಿದ್ದರೆ ಆ ಗಾಣ ಸರಿಯಾಗಿ ತಿರುಗುತ್ತಿಲ್ಲ ಎಂಬ ಒಂದು ಸುಳಿವು. ಆಗ ಮೊದಲು ಪರೀಕ್ಷಿಸಬೇಕಾದದ್ದು ಬಿ12 ಮತ್ತು ಫೋಲೇಟ್, ಕ್ರಿಯೇಟಿನ್ ಅಲ್ಲ.

ಹಂತ 6: ಕಚ್ಚಾ ವಸ್ತು ಸುರಿದು ತಯಾರಿ ಹೆಚ್ಚಿಸಲು ಹೋಗಬೇಡಿ

"ಹಾಗಾದರೆ ಗ್ಲೈಸಿನ್ ಪುಡಿ, ಆರ್ಜಿನಿನ್ ಮಾತ್ರೆ ತೆಗೆದುಕೊಂಡರೆ?" ಎಂಬ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ. ಸರಿಯಾಗಿ ಪ್ರೋಟೀನ್ ತಿನ್ನುವವರಲ್ಲಿ ತಯಾರಿಯ ವೇಗವನ್ನು ಹಿಡಿದಿಟ್ಟಿರುವುದು ಕಚ್ಚಾ ವಸ್ತುವಿನ ಅಭಾವವಲ್ಲ, ಮೊದಲ ಮಜಲಿನ ಎಜಿಎಟಿ ಕಿಣ್ವ. ರಕ್ತದಲ್ಲಿ ಕ್ರಿಯೇಟಿನ್ ಸಾಕಷ್ಟಿದ್ದರೆ ಮೂತ್ರಪಿಂಡ ಈ ಕಿಣ್ವವನ್ನು ತಯಾರಿಸುವುದನ್ನೇ ಕಡಿಮೆ ಮಾಡುತ್ತದೆ. ಮಾಂಸ ತಿಂದಾಗ ಸ್ವಂತ ತಯಾರಿ ಇಳಿಯುವುದಕ್ಕೂ ಕಾರಣ ಇದೇ.

ಇನ್ನೂ ಕೆಟ್ಟ ಉಪಾಯವೆಂದರೆ ಈ ಕಾವಲನ್ನು ದಾಟಿ ಗ್ವಾನಿಡಿನೋಅಸಿಟೇಟ್ ಅನ್ನೇ ನೇರವಾಗಿ ನುಂಗುವುದು. ಆಗ ಎರಡನೆಯ ಮಜಲಿಗೆ ಲಗಾಮೇ ಇರುವುದಿಲ್ಲ, ಬಂದಷ್ಟಕ್ಕೂ ಯಕೃತ್ತು ಮಿಥೈಲ್ ಖರ್ಚು ಮಾಡಬೇಕಾಗುತ್ತದೆ ಮತ್ತು ಹೋಮೋಸಿಸ್ಟೀನ್ ಏರುತ್ತದೆ. ಸಿದ್ಧ ಕ್ರಿಯೇಟಿನ್ ತೆಗೆದುಕೊಂಡಾಗ ಆಗುವುದು ಇದರ ತದ್ವಿರುದ್ಧ: ಎರಡೂ ಮಜಲುಗಳ ಕೆಲಸ ಕಡಿಮೆಯಾಗುತ್ತದೆ.

ಎಜಿಎಟಿ, ಜಿಎಎಂಟಿ ಅಥವಾ ಸಾಗಣೆ ಪ್ರೋಟೀನ್ ಹುಟ್ಟಿನಿಂದಲೇ ಕೆಟ್ಟಿರುವ ಅಪರೂಪದ ಮೂರು ಕಾಯಿಲೆಗಳಿವೆ. ಮಗುವಿನಲ್ಲಿ ಬೆಳವಣಿಗೆ ಕುಂಠಿತವಾಗುವುದು, ಮಾತು ಬಾರದಿರುವುದು, ಕೆಲವರಲ್ಲಿ ಫಿಟ್ಸ್ ಅವುಗಳ ಲಕ್ಷಣ. ಮೊದಲಿನ ಎರಡಕ್ಕೆ ಕ್ರಿಯೇಟಿನ್ ಕೊಟ್ಟು ಚಿಕಿತ್ಸೆ ಮಾಡುತ್ತಾರೆ. ಜಿಎಎಂಟಿ ಕೆಟ್ಟವರಲ್ಲಿ ಗ್ವಾನಿಡಿನೋಅಸಿಟೇಟ್ ಶೇಖರವಾಗಿ ಮಿದುಳಿಗೆ ಹಾನಿ ಮಾಡುವುದರಿಂದ ಆರ್ಜಿನಿನ್ ಕಡಿಮೆ ಇರುವ ಊಟ, ಆರ್ನಿಥಿನ್ ಕೂಡ ಬೇಕಾಗುತ್ತದೆ. ಇವು ತಜ್ಞ ವೈದ್ಯರ ಕೆಲಸ, ಊಟದ ಲೆಕ್ಕದಿಂದ ಪತ್ತೆಯಾಗುವಂಥವಲ್ಲ.

ಹಂತ 7: ರಕ್ತಪರೀಕ್ಷೆಗೆ ಹೋಗುವ ಮುನ್ನ ಊಟದ ಪಟ್ಟಿಯನ್ನು ನೆನಪಿಸಿಕೊಳ್ಳಿ

ಬೇಯಿಸಿದ ಮಾಂಸದಲ್ಲಿರುವ ಸಿದ್ಧ ಕ್ರಿಯೇಟಿನೈನ್ ಊಟವಾದ ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿ ಕಾಣಿಸಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ರಕ್ತ ಕೊಟ್ಟರೆ ಮೂತ್ರಪಿಂಡ ಸರಿಯಾಗಿದ್ದರೂ ಕ್ರಿಯೇಟಿನೈನ್ ಹೆಚ್ಚು ಎಂದು ವರದಿ ಬರಬಹುದು. ಪರೀಕ್ಷೆಗೆ 12 ಗಂಟೆ ಮೊದಲಿನಿಂದ ಮಾಂಸ, ಮೀನು ಬಿಡುವುದು ಒಳ್ಳೆಯದು. ಕ್ರಿಯೇಟಿನ್ ಪುಡಿ ತೆಗೆದುಕೊಳ್ಳುತ್ತಿದ್ದರೆ ಅದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಿ.

ಇದರ ಇನ್ನೊಂದು ಮಗ್ಗುಲನ್ನು ಗಮನಿಸುವವರು ಕಡಿಮೆ. ಸ್ನಾಯು ಕಡಿಮೆ ಇರುವ, ಮಾಂಸ ತಿನ್ನದ ವೃದ್ಧರಲ್ಲಿ ದಾಸ್ತಾನು ಚಿಕ್ಕದು, ಸೋರಿಕೆ ಚಿಕ್ಕದು, ಹಾಗಾಗಿ ರಕ್ತದ ಕ್ರಿಯೇಟಿನೈನ್ ಮೊದಲಿನಿಂದಲೂ ಕೆಳಗೇ ಇರುತ್ತದೆ. ಅವರ ಮೂತ್ರಪಿಂಡದ ಕೆಲಸ ಕುಗ್ಗಿದ್ದರೂ ಅಂಕಿ 'ಸಾಮಾನ್ಯ' ಎಂಬ ಗೆರೆಯ ಒಳಗೇ ನಿಲ್ಲಬಹುದು. ಅಂಥ ಅನುಮಾನವಿದ್ದಾಗ ಸಿಸ್ಟಾಟಿನ್ ಸಿ ಎಂಬ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಬಹುದು. ಅದು ಊಟದ ಮಾಂಸವನ್ನು ಅವಲಂಬಿಸಿಲ್ಲ, ಸ್ನಾಯುವಿನ ಗಾತ್ರದ ಪ್ರಭಾವವೂ ಅದರ ಮೇಲೆ ಬಹಳ ಕಡಿಮೆ.